ಒಬ್ಬನಿಗೆ ಮಂಡಿ ಊತ, ಒಬ್ಬಳಿಗೆ ಮೈಮೇಲೆ ಚುಕ್ಕೆ: ರಕ್ತಸ್ರಾವ ಜಾಗ ಯಾಕೆ ಬದಲಾಯಿಸುತ್ತೆ?

ಪ್ರಶ್ನೆ: ಡಾಕ್ಟ್ರೇ ನಮಸ್ತೆ, ನಮ್ಮದು ಮಂಡ್ಯ ಹತ್ರ ಹಳ್ಳಿ. ನಮ್ಮಕ್ಕನ ಮಗನಿಗೆ 5 ವರ್ಷ, ಹಿಮೋಫಿಲಿಯಾ ಎ ಇದೆ, ಜಾಸ್ತಿ ಸಿವಿಯರ್ ಅಂದಿದ್ದಾರೆ. ಮಂಡಿ ಪದೇ ಪದೇ ಊದ್ಕೊಳ್ಳುತ್ತೆ, ಆದ್ರೆ ಮೈಮೇಲೆ ಕೆಂಪು ಚುಕ್ಕೆ ಒಂದೂ ಬರಲ್ಲ. ಹೋದ ತಿಂಗಳು ನನ್ನ ಮಗಳಿಗೆ ಪ್ಲೇಟ್ಲೆಟ್ 11 ಸಾವಿರಕ್ಕೆ ಇಳಿದು ಕಾಲು ತುಂಬ ಚುಕ್ಕೆ, ಮೂಗಲ್ಲಿ ರಕ್ತ, ಐಟಿಪಿ ಅಂದ್ರು. ಅವಳಿಗೆ ಕೀಲಲ್ಲಿ ಏನೂ ಆಗ್ಲಿಲ್ಲ. ಎರಡೂ ರಕ್ತ ನಿಲ್ಲದ ಕಾಯಿಲೆನೇ ಅಲ್ವಾ, ಮತ್ತೆ ಇವನಿಗೆ ಒಳಗೆ, ಇವಳಿಗೆ ಹೊರಗೆ ಯಾಕೆ? ಒಂದೇ ಮನೆಯೋರು ಅಂತ ಭಯ ಆಗ್ತಿದೆ.

ಉತ್ತರ: ನಮಸ್ತೆ ಅಮ್ಮ. ರಕ್ತ ನಿಲ್ಲೋದು ಒಂದೇ ಕೆಲಸ ಅಲ್ಲ, ಒಂದರ ಹಿಂದೆ ಒಂದು ನಡೆಯೋ ಎರಡು ಕೆಲಸ. ನಿಮ್ಮ ಕಡೆ ವಿ.ಸಿ. ನಾಲೆ ಏರಿ ಒಡೆದ್ರೆ ಮೊದ್ಲು ಮರಳು ಮೂಟೆ ಒಡ್ಡಿ ನೀರು ತಡೀತಾರೆ, ಆಮೇಲೆ ಕಾಂಕ್ರೀಟ್ ಹಾಕಿ ಗಟ್ಟಿ ಮಾಡ್ತಾರಲ್ಲ, ಹಾಗೇನೇ. ಮೂಟೆ ಅಂದ್ರೆ ಪ್ಲೇಟ್ಲೆಟ್, ಕಾಂಕ್ರೀಟ್ ಅಂದ್ರೆ ಫೈಬ್ರಿನ್ ಅನ್ನೋ ಪ್ರೊಟೀನ್ ಬಲೆ. ಐಟಿಪಿ ಅಂದ್ರೆ ದೇಹ ತನ್ನ ಪ್ಲೇಟ್ಲೆಟ್ಟನ್ನ ತಾನೇ ನಾಶ ಮಾಡ್ಕೊಳ್ಳೋ ಕಾಯಿಲೆ, ಅದಕ್ಕೆ ನಿಮ್ಮ ಮಗಳಿಗೆ ಮೂಟೆ ಸಾಲದಾಗಿತ್ತು, ಹಿಮೋಫಿಲಿಯಾ ಇರೋ ಅಕ್ಕನ ಮಗನಿಗೆ ಕಾಂಕ್ರೀಟ್ ಬರಲ್ಲ. ಇಷ್ಟನ್ನ ನಿಮಗೆ ಆಸ್ಪತ್ರೆಲೂ ಹೇಳಿರ್ತಾರೆ. ಆದ್ರೆ ನೀವು ಕೇಳ್ತಿರೋದು ಅದಲ್ಲ, ಜಾಗ ಯಾಕೆ ಬೇರೆ ಅಂತ. ಅದಕ್ಕೆ ಉತ್ತರ ರಕ್ತದಲ್ಲಿ ಅರ್ಧ ಇದೆ, ಇನ್ನರ್ಧ ಚರ್ಮ, ಮೂಗು, ಮಂಡಿ ಇವುಗಳ ಒಳಗಡೆ ಇದೆ. ಒಂದೊಂದು ಜಾಗಕ್ಕೂ ರಕ್ತ ನಿಲ್ಲಿಸ್ಕೊಳ್ಳೋ ತನ್ನದೇ ಶಕ್ತಿ ಇರುತ್ತೆ, ಅದು ಎಲ್ಲಾ ಕಡೆ ಒಂದೇ ಥರ ಇಲ್ಲ.

ಮೊದ್ಲು ನಿಮ್ಮ ಮಗಳ ಚುಕ್ಕೆ ನೋಡೋಣ. ಚರ್ಮದ ಕೆಳಗೆ, ಮೂಗಿನ ಒಳಗೆ, ಒಸಡಲ್ಲಿ ಇರೋ ರಕ್ತನಾಳಗಳು ಕೂದಲಿಗಿಂತ ತುಂಬಾ ಸಣ್ಣವು, ಗೋಡೆ ಅಂದ್ರೆ ಬರೀ ಒಂದು ಪದರ ಜೀವಕೋಶ. ನಾವು ಕೂರೋದು, ನಿಲ್ಲೋದು, ಕೆರ್ಕೊಳ್ಳೋದು, ಮೂಗು ಸೀನೋದು ಇದೆಲ್ಲದರಿಂದ ಆ ಕೋಶಗಳ ಮಧ್ಯೆ ದಿನಾ ಸಣ್ಣ ಸಣ್ಣ ಬಿರುಕು ಬೀಳ್ತಾನೇ ಇರುತ್ತೆ. ಪ್ಲೇಟ್ಲೆಟ್‌ಗಳು ಅಲ್ಲಲ್ಲೇ ಹೋಗಿ ಕೂತು ಆ ಬಿರುಕು ಮುಚ್ತಾ ಇರ್ತವೆ, ನಮಗೆ ಗೊತ್ತೂ ಆಗಲ್ಲ. ಅಷ್ಟು ಸಣ್ಣ ತೂತಿಗೆ ಫೈಬ್ರಿನ್ ಬಲೆ ಬರೋ ತನಕ ಕಾಯೋ ಅವಶ್ಯಕತೆನೇ ಇಲ್ಲ, ಪ್ಲೇಟ್ಲೆಟ್ ಕೂತ್ರೆ ಸಾಕು. ನಾರ್ಮಲ್ ಆಗಿ 1.5 ಲಕ್ಷದಿಂದ 4.5 ಲಕ್ಷ ಇರಬೇಕಾದ ಕೌಂಟು 20 ಸಾವಿರದ ಕೆಳಗೆ ಬಂದಾಗ ಈ ದಿನನಿತ್ಯದ ರಿಪೇರಿ ಕೈಕೊಡೋಕೆ ಶುರು ಆಗುತ್ತೆ, ಒಂದೊಂದು ಬಿರುಕಿಂದ ಒಂದೊಂದು ಹನಿ ಆಚೆ ಬರುತ್ತೆ, ಅದೇ ಸಾಸಿವೆ ಕಾಳಿಗಿಂತ ಚಿಕ್ಕ ಚುಕ್ಕೆ.

ಚುಕ್ಕೆ ಕಾಲಲ್ಲೇ ಯಾಕೆ ಜಾಸ್ತಿ? ನಿಂತಾಗ ರಕ್ತದ ಭಾರ ಪೂರ್ತಿ ಕಾಲಿನ ಸಣ್ಣ ನಾಳಗಳ ಮೇಲೆ ಬೀಳುತ್ತೆ, ಅದಕ್ಕೆ ಪಾದ, ಹಿಮ್ಮಡಿ ಗಂಟು, ಮೊಣಕಾಲಿನ ಕೆಳಗೆ ಮೊದ್ಲು ಕಾಣುತ್ತೆ. ಕಾಲ್ಚೀಲದ ಎಲಾಸ್ಟಿಕ್ ಕಚ್ಚಿರೋ ಜಾಗದಲ್ಲಿ ಸಾಲಾಗಿ ಬಂದಿರುತ್ತೆ ಎಷ್ಟೋ ಸಲ. ಮಗು ಜೋರಾಗಿ ಅತ್ತು ವಾಂತಿ ಮಾಡ್ಕೊಂಡಿದ್ರೆ ಕಣ್ಣ ಸುತ್ತ, ಕತ್ತಲ್ಲಿ ಬರುತ್ತೆ, ಯಾಕಂದ್ರೆ ಆಗ ಒತ್ತಡ ಅಲ್ಲಿ ಏರಿರುತ್ತೆ. ಗಾಜಿನ ಲೋಟದ ತಳ ಇಟ್ಟು ಒತ್ತಿ ನೋಡಿ, ಸೊಳ್ಳೆ ಕಚ್ಚಿದ ಕೆಂಪು ಆದ್ರೆ ಮಾಯ ಆಗುತ್ತೆ, ಇದು ಆಗಲ್ಲ, ಯಾಕಂದ್ರೆ ರಕ್ತ ನಾಳದಿಂದ ಆಚೆ ಬಂದಾಗಿದೆ. ಬೆರಳಿಗೆ ಉಬ್ಬೂ ಸಿಗಲ್ಲ. ಮೂಗು, ಬಾಯಿ, ಹೆಣ್ಣುಮಕ್ಕಳ ಗರ್ಭಕೋಶ ಇಲ್ಲೆಲ್ಲ ಇನ್ನೊಂದು ತೊಂದರೆ ಇದೆ: ಹೆಪ್ಪುಗಟ್ಟಿದ್ದನ್ನ ಕರಗಿಸೋ ಶಕ್ತಿ ಅಲ್ಲಿ ಜಾಸ್ತಿ, ಕಟ್ಟಿದ ಸ್ವಲ್ಪ ಹೆಪ್ಪೂ ಬೇಗ ಕರಗುತ್ತೆ. ಅದಕ್ಕೇ ಟ್ರಾನೆಕ್ಸಾಮಿಕ್ ಆಸಿಡ್ ಅನ್ನೋ, ಹೆಪ್ಪು ಕರಗದಂಗೆ ತಡೆಯೋ ಔಷಧಿ ಈ ಜಾಗಗಳಲ್ಲಿ ಚೆನ್ನಾಗಿ ಕೆಲ್ಸ ಮಾಡುತ್ತೆ.

ಈಗ ಅಕ್ಕನ ಮಗನ ವಿಷ್ಯ, ಇದೇ ಅಸಲಿ ಸ್ವಾರಸ್ಯ ಇರೋ ಜಾಗ, ಸ್ವಲ್ಪ ನಿಧಾನವಾಗಿ ಓದಿ. ಫೈಬ್ರಿನ್ ಬರಬೇಕಾದ್ರೆ ಥ್ರಾಂಬಿನ್ ಅನ್ನೋದು ಬೇಕು. ಥ್ರಾಂಬಿನ್ ಹುಟ್ಟೋಕೆ ಕಿಡಿ ಹಚ್ಚೋದು ಟಿಶ್ಯೂ ಫ್ಯಾಕ್ಟರ್ ಅನ್ನೋ ಪ್ರೊಟೀನು. ಇದು ರಕ್ತದಲ್ಲಿ ಓಡಾಡಲ್ಲ, ರಕ್ತನಾಳದ ಆಚೆ ಇರೋ ಕೋಶಗಳ ಮೇಲೆ ಕೂತಿರುತ್ತೆ. ನಾಳ ಒಡೆದು ರಕ್ತ ಆಚೆ ಬಂದು ಇದನ್ನ ಮುಟ್ಟಿದ ತಕ್ಷಣ ರಕ್ತ ಹೆಪ್ಪುಗಟ್ಟಿಸೋ ಪ್ರೊಟೀನುಗಳಲ್ಲಿ ಒಂದಾದ ಫ್ಯಾಕ್ಟರ್ 7 ಇದಕ್ಕೆ ಅಂಟ್ಕೊಂಡು ಸ್ವಲ್ಪ ಥ್ರಾಂಬಿನ್ ತಯಾರಾಗುತ್ತೆ. ಆದ್ರೆ ದೇಹ ಬುದ್ಧಿವಂತ, ಎಲ್ಲಾ ಕಡೆ ರಕ್ತ ಗಟ್ಟಿ ಆಗ್ಬಾರದು ಅಂತ ಟಿಎಫ್‌ಪಿಐ ಅನ್ನೋ ಒಂದು ತಡೆ ಇಟ್ಟಿದೆ, ಅದು ಬಂದು ಈ ಮೊದಲ ದಾರಿಯನ್ನ ಬೇಗ ಬಂದ್ ಮಾಡ್ಬಿಡುತ್ತೆ. ಅಷ್ಟರಲ್ಲಿ ಸಿಕ್ಕ ಥ್ರಾಂಬಿನ್ ಗಟ್ಟಿ ಬಲೆ ನೇಯೋಕೆ ಸಾಕಾಗಲ್ಲ. ಅಲ್ಲಿಂದ ಮುಂದೆ ಫ್ಯಾಕ್ಟರ್ 9 ಮತ್ತು ಫ್ಯಾಕ್ಟರ್ 8 ಜೋಡಿ ಪ್ಲೇಟ್ಲೆಟ್ ಮೇಲೆ ಕೂತ್ಕೊಂಡು ಎರಡನೇ ದಾರಿಲಿ ಥ್ರಾಂಬಿನ್ನನ್ನ ಹಲವು ಪಟ್ಟು ಜಾಸ್ತಿ ಮಾಡಬೇಕು. ಹಿಮೋಫಿಲಿಯಾ ಎ ಅಂದ್ರೆ 8 ಇಲ್ಲ, ಬಿ ಅಂದ್ರೆ 9 ಇಲ್ಲ. ಅಂದ್ರೆ ಕಿಡಿ ಹತ್ತುತ್ತೆ, ಬೆಂಕಿ ಏಳಲ್ಲ.

ಹಂಗಾದ್ರೆ ಕಿಡಿನೇ ದೊಡ್ಡದಾಗಿರೋ ಜಾಗದಲ್ಲಿ 8 ಇಲ್ದೇನೂ ಒಂದಷ್ಟು ಕೆಲ್ಸ ನಡೀಬೇಕಲ್ವಾ? ಹೌದು, ನಡೆಯುತ್ತೆ. ಟಿಶ್ಯೂ ಫ್ಯಾಕ್ಟರ್ ದೇಹದಲ್ಲಿ ಎಲ್ಲೆಲ್ಲಿ ಎಷ್ಟಿದೆ ಅಂತ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ ಅಧ್ಯಯನ 1989ರಲ್ಲಿ ಬಂತು. ಚರ್ಮದ ಮೇಲ್ಪದರ, ಲೋಳೆಪೊರೆ, ಮೆದುಳು ಇಲ್ಲೆಲ್ಲ ಧಾರಾಳವಾಗಿದೆ, ಹೊರಗಿನ ಜಗತ್ತಿಗೆ ತಾಗೋ ಕಡೆಯೆಲ್ಲ ದೇಹ ಒಂದು ಕವಚ ಹಾಕ್ಕೊಂಡಂಗೆ. ಆದ್ರೆ ಮೈಕೈ ಆಡಿಸೋ ಮಾಂಸಖಂಡದಲ್ಲಿ ತುಂಬಾ ಕಮ್ಮಿ. ಕೀಲಿನ ಒಳಪೊರೆ ಇದ್ಯಲ್ಲ, ಸೈನೋವಿಯಂ ಅಂತೀವಿ, ಅದರಲ್ಲೂ ಕಮ್ಮಿ, ಅದು ಸಾಲ್ದು ಅಂತ ಅಲ್ಲಿನ ಕೋಶಗಳು ಟಿಎಫ್‌ಪಿಐ ಬೇರೆ ತಯಾರು ಮಾಡ್ತವೆ. ಕಿಡಿ ಸಣ್ಣದು, ಅದನ್ನ ಆರಿಸೋದು ಜಾಸ್ತಿ. ಹಾಗಾಗಿ ಕೀಲು ರಕ್ತ ನಿಲ್ಲಿಸ್ಕೊಳ್ಳೋಕೆ ಹೆಚ್ಚುಕಮ್ಮಿ ಪೂರ್ತಿ ಫ್ಯಾಕ್ಟರ್ 8, 9ರ ಮೇಲೇ ನಿಂತಿದೆ. ನಿಮ್ಮ ಹುಡುಗನಿಗೆ ಇಲ್ದೇ ಇರೋದು ಅದೇ.

ಇದರ ಜೊತೆಗೆ ಮಂಡಿ ಅಂದ್ರೆ ದಿನಾ ಸಾವಿರಾರು ಸಲ ಮಡಚಿ ಬಿಚ್ಚೋ ಕೀಲು, ಒಳಪೊರೆಲಿ ರಕ್ತನಾಳ ತುಂಬ್ಕೊಂಡಿರುತ್ತೆ, ಭಾರ ಬಿದ್ದಾಗ ಮೂಳೆ ಮಧ್ಯೆ ಸಿಕ್ಕಿ ಸ್ವಲ್ಪ ಹರಿಯುತ್ತೆ. ನಮಗೂ ನಿಮಗೂ ಹೀಗೆ ಆಗ್ತಿರಬಹುದು, ಗೊತ್ತಾಗೋ ಮೊದ್ಲೇ ನಿಂತಿರುತ್ತೆ. ಅವನಿಗೆ ನಿಲ್ಲಲ್ಲ. ಮಂಡಿ, ಮೊಣಕೈ, ಹಿಮ್ಮಡಿ ಗಂಟು ಈ ಮೂರಲ್ಲೇ ಜಾಸ್ತಿ ಆಗೋದೂ ಇದಕ್ಕೇ, ಇವು ಬಾಗಿಲ ಕೀಲಿನ ಥರ ಒಂದೇ ದಿಕ್ಕಿಗೆ ಆಡೋವು, ಅಡ್ಡಡ್ಡ ತಿರುಗಿದ್ರೆ ಒಳಪೊರೆ ಮೇಲೆ ಎಳೆತ ಬೀಳುತ್ತೆ. ಸಿವಿಯರ್ ಇರೋ ಮಕ್ಕಳಲ್ಲಿ, ಅಂದ್ರೆ ಫ್ಯಾಕ್ಟರ್ 8 ಅಥವಾ 9ರ ಮಟ್ಟ 1 ಪರ್ಸೆಂಟಿಗಿಂತ ಕಮ್ಮಿ ಇರೋರಲ್ಲಿ, ಮಗು ನಡೆಯೋಕೆ ಶುರು ಮಾಡಿದ್ ಮೇಲೇ ಮೊದಲ ಕೀಲು ಊತ ಕಾಣೋದು ಸಾಮಾನ್ಯ. ಅಲ್ಲಿ ತನಕ ಹೆಚ್ಚಾಗಿ ಎದೆ ಮೇಲೋ ಬೆನ್ನ ಮೇಲೋ ಎತ್ಕೊಂಡ ಜಾಗದಲ್ಲಿ ದೊಡ್ಡ ದೊಡ್ಡ ಕಂದು ಕಲೆ, ಮುಟ್ಟಿದ್ರೆ ಒಳಗೆ ಗಂಟು ಸಿಗೋ ಥರದ್ದು, ಅಷ್ಟೇ.

ಮಗಳ ಕೀಲು ಯಾಕೆ ಉಳೀತು ಅಂತ ಈಗ ನಿಮಗೇ ಹೊಳೆದಿರಬೇಕು. ಅವಳಿಗೆ 8, 9 ಎಲ್ಲಾ ಪೂರ್ತಿ ಇದೆ. ಥ್ರಾಂಬಿನ್ ಹೆಚ್ಚಾಗೋಕೆ ಪ್ಲೇಟ್ಲೆಟ್ ಮೇಲ್ಮೈ ಬೇಕು ನಿಜ, ಆದ್ರೆ ಅದಕ್ಕೆ ಲಕ್ಷಗಟ್ಟಲೆ ಬೇಕಾಗಿಲ್ಲ, ಕೆಲವೇ ಸಾವಿರ ಇದ್ರೂ ಒಂದು ಮಟ್ಟಕ್ಕೆ ನಡೆಯುತ್ತೆ. ಕೀಲಿನ ಒಳಗೆ ಹರಿದ ನಾಳದ ಸುತ್ತ ರಕ್ತ ನಿಧಾನವಾಗಿ ಸೇರ್ಕೊಂಡಾಗ ಫೈಬ್ರಿನ್ ಬಲೆ ಬಂದು ಮುಚ್ಚುತ್ತೆ. ಅದೂ ಅಲ್ದೆ ಐಟಿಪಿಲಿ ಹಳೇ ಪ್ಲೇಟ್ಲೆಟ್ ನಾಶ ಆಗ್ತಾ ಇದ್ರೂ ಮೂಳೆ ಮಜ್ಜೆ ಹೊಸದನ್ನ ಕಳಿಸ್ತಾನೇ ಇರುತ್ತೆ, ಆ ಹೊಸವು ದೊಡ್ಡವು, ಚುರುಕಾಗಿರ್ತವೆ. ಅದಕ್ಕೇ 11 ಸಾವಿರ ಇರೋ ಐಟಿಪಿ ಮಗು ಆಟ ಆಡ್ಕೊಂಡಿರುತ್ತೆ, ಅದೇ 11 ಸಾವಿರ ಕೀಮೋ ತಗೊಂಡ ಮಗುಲಿ ಇದ್ರೆ ನಮಗೆ ಹೆಚ್ಚು ಚಿಂತೆ.

ಅಕ್ಕನ ಮಗನಿಗೆ ಚುಕ್ಕೆ ಬರಲ್ಲ ಅನ್ನೋದೂ ಇದೇ ಲೆಕ್ಕ, ಪ್ಲೇಟ್ಲೆಟ್ ಪೂರ್ತಿ ಇದೆ, ಚರ್ಮದಲ್ಲಿ ಟಿಶ್ಯೂ ಫ್ಯಾಕ್ಟರ್ ಧಾರಾಳ ಇದೆ. ಬೆರಳಿಗೆ ಸೂಜಿ ಚುಚ್ಚಿದ್ರೆ ಎಲ್ಲರಿಗೂ ನಿಲ್ಲೋ ಹೊತ್ತಿಗೇ ಅವನಿಗೂ ನಿಲ್ಲುತ್ತೆ. ಇದನ್ನ ನೋಡಿ "ಗಾಯ ಆದ್ರೆ ರಕ್ತ ನಿಲ್ತದಲ್ಲ, ಇವನಿಗೆ ಯಾವ ಕಾಯಿಲೆನೂ ಇಲ್ಲ ಬುಡಿ" ಅಂತ ಮನೇಲಿ ಹಿರಿಯರು ಅಂದು ತಪ್ಪು ದಾರಿ ಹಿಡಿಸಿರೋದನ್ನ ನಾನು ಬಹಳ ಸಲ ನೋಡಿದೀನಿ. ಹಿಮೋಫಿಲಿಯಾದಲ್ಲಿ ರಕ್ತ ಮೊದ್ಲು ನಿಲ್ಲುತ್ತೆ, ಆಮೇಲೆ ಶುರು ಆಗುತ್ತೆ. ಹಲ್ಲು ಕೀಳಿಸಿದ ದಿನ ನಾರ್ಮಲ್ ಆಗಿ ಮನೆಗೆ ಬಂದು, ರಾತ್ರಿನೋ ಮಾರನೇ ದಿನಾನೋ ದಿಂಬೆಲ್ಲ ಒದ್ದೆ. ಪ್ಲೇಟ್ಲೆಟ್ ಕಟ್ಟಿದ ಮೂಟೆ ಕೆಲವು ಗಂಟೆ ತಡೆದು, ಹಿಂದೆ ಬಲೆ ಬರದೆ ಇದ್ದಿದ್ದಕ್ಕೆ ಜಾರಿ ಹೋಗಿರುತ್ತೆ. ಪ್ಲೇಟ್ಲೆಟ್ ತೊಂದರೆ ಇದ್ರೆ ಉಲ್ಟಾ, ಕುಯ್ದ ಆ ಕ್ಷಣದಿಂದ್ಲೇ ಒಸರ್ತಾ ಇರುತ್ತೆ, ಒತ್ತಿ ಹಿಡಿದು ಒಂದು ಸಲ ನಿಂತ್ರೆ ಸಾಮಾನ್ಯವಾಗಿ ನಿಂತಂಗೆ. ಯಾರಾದ್ರೂ ರಕ್ತ ಜಾಸ್ತಿ ಹೋಗುತ್ತೆ ಅಂತ ಬಂದ್ರೆ ನಾನು ಎಷ್ಟು ಹೋಯ್ತು ಅನ್ನೋದಕ್ಕಿಂತ ಮೊದ್ಲು ಯಾವಾಗ ಶುರು ಆಯ್ತು ಅಂತಾನೇ ಕೇಳೋದು.

ಈ ಲೆಕ್ಕ ಸರಿ ಅನ್ನೋಕೆ ನನಗೆ ಅತಿ ಗಟ್ಟಿ ಸಾಕ್ಷಿ ಅನ್ಸೋದು ಮೂರನೇ ಒಂದು ಕಾಯಿಲೆ. 1926ರಲ್ಲಿ ಫಿನ್‌ಲ್ಯಾಂಡಿನ ಎರಿಕ್ ವಾನ್ ವಿಲ್ಲಿಬ್ರಾಂಡ್ ಅನ್ನೋ ಡಾಕ್ಟ್ರು ಆಲಂಡ್ ದ್ವೀಪದ ಒಂದು ಕುಟುಂಬದ ಬಗ್ಗೆ ಬರೆದ್ರು, ಹೆಣ್ಣು ಗಂಡು ಇಬ್ಬರಿಗೂ ಮೂಗು, ಬಾಯಿ, ಮುಟ್ಟಿನ ರಕ್ತ ನಿಲ್ಲದೆ ಇರೋದು, ಆದ್ರೆ ಪ್ಲೇಟ್ಲೆಟ್ ಕೌಂಟು ಸರಿ ಇತ್ತು. ಅಲ್ಲಿ ಕೊರತೆ ಇದ್ದಿದ್ದು ಈಗ ಅವರದೇ ಹೆಸರಿರೋ ಒಂದು ಪ್ರೊಟೀನು. ಅದಕ್ಕೆ ಎರಡು ಕೆಲ್ಸ: ಒಡೆದ ನಾಳಕ್ಕೆ ಪ್ಲೇಟ್ಲೆಟ್ ಅಂಟಿಸೋದು ಒಂದು, ರಕ್ತದಲ್ಲಿ ಫ್ಯಾಕ್ಟರ್ 8 ಹಾಳಾಗದಂಗೆ ಜೊತೆಗಿಟ್ಕೊಂಡು ಕಾಯೋದು ಇನ್ನೊಂದು. ಇದು ಸ್ವಲ್ಪ ಕಮ್ಮಿ ಇದ್ದೋರಿಗೆ ಮೊದಲನೇ ಕೆಲಸ ಮಾತ್ರ ಕೆಡುತ್ತೆ, ಮೂಗು ಒಸಡು ಮುಟ್ಟು ಅಷ್ಟರಲ್ಲೇ ಮುಗಿಯುತ್ತೆ. ಪೂರ್ತಿ ಇಲ್ದೇ ಇರೋ ಟೈಪ್ 3 ರೋಗಿಗಳಲ್ಲಿ ಫ್ಯಾಕ್ಟರ್ 8 ಕೂಡ ಕುಸಿದು ಹೋಗುತ್ತೆ, ಆಗ ಅವರಿಗೆ ಲೋಳೆಪೊರೆ ರಕ್ತಸ್ರಾವದ ಜೊತೆಗೆ ಹಿಮೋಫಿಲಿಯಾ ಥರಾನೇ ಕೀಲು ಊತಾನೂ ಬರುತ್ತೆ. ಒಂದೇ ಕಾಯಿಲೆ, 8 ಇಳಿದ ಕೂಡ್ಲೇ ರಕ್ತ ಕೀಲಿಗೆ ಇಳೀತು. ನಮ್ಮ ಕಡೆ ತಿಂಗಳು ತಿಂಗಳು ವಿಪರೀತ ಮುಟ್ಟು ಹೋಗಿ ಬರೀ ಕಬ್ಬಿಣದ ಮಾತ್ರೆ ನುಂಗ್ಕೊಂಡಿರೋ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಈ ಕಾಯಿಲೆ ಇರುತ್ತೆ, ಯಾರೂ ಪರೀಕ್ಷೆ ಮಾಡ್ಸಿರಲ್ಲ, ಇದು ನನಗೆ ತುಂಬಾ ಬೇಜಾರಿನ ವಿಷ್ಯ.

ಹಾಗಂತ ಗೆರೆ ಎಳೆದಂಗೆ ಒಳಗೆ ಹೊರಗೆ ಅಂತ ನಂಬ್ಕೊಂಡು ಕೂರ್ಬೇಡಿ. ಹಿಮೋಫಿಲಿಯಾ ಮಗು ಬಿದ್ದು ತುಟಿ ಒಳಗಿನ ದಾರದಂಥ ಚರ್ಮ ಹರಿದ್ರೆ ದಿನಗಟ್ಟಲೆ ಒಸರುತ್ತೆ, ಎಂಜಲು ಹೆಪ್ಪನ್ನ ಕರಗಿಸ್ತಾ ಇರೋದ್ರಿಂದ. ಮೆದುಳಲ್ಲಿ ಟಿಶ್ಯೂ ಫ್ಯಾಕ್ಟರ್ ಧಾರಾಳ ಇದ್ರೂ ತಲೆಗೆ ಪೆಟ್ಟು ಬಿದ್ರೆ ಇಬ್ಬರಿಗೂ ಅಪಾಯನೇ, ತಲೆನೋವು, ವಾಂತಿ, ಮಂಪರು ಯಾವುದೂ ಶುರು ಆಗೋ ತನಕ ಕಾಯದೆ ಹೊರಡಬೇಕು. ಇನ್ನೊಂದು ಮುಖ್ಯ: ಚುಕ್ಕೆ ಮತ್ತು ಕೀಲು ನೋವು ಎರಡೂ ಒಂದೇ ಮಗುಲಿ ಒಟ್ಟಿಗೆ ಕಂಡ್ರೆ ಅದು ಸಾದಾ ಐಟಿಪಿ ಅಂತ ಒಪ್ಕೋಬಾರದು. ಚುಕ್ಕೆ ಬೆರಳಿಗೆ ಉಬ್ಬಾಗಿ ಸಿಕ್ಕಿ, ಪ್ಲೇಟ್ಲೆಟ್ ಸರಿ ಇದ್ದು, ಹೊಟ್ಟೆನೋವೂ ಇದ್ರೆ ರಕ್ತನಾಳದ ಉರಿಯೂತ ಇರಬಹುದು. ಪ್ಲೇಟ್ಲೆಟ್ ಕಮ್ಮಿ, ಮೂಳೆ ನೋವಿಗೆ ರಾತ್ರಿ ಎದ್ದು ಅಳುತ್ತೆ, ಜ್ವರ, ಬಿಳುಚಿಕೊಂಡಿದೆ ಅಂದ್ರೆ ಲ್ಯುಕೀಮಿಯಾ ಅನ್ನೋ ರಕ್ತದ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕು, ರಕ್ತದ ಸ್ಮಿಯರನ್ನ ಅನುಭವ ಇರೋ ಪೆಥಾಲಜಿಸ್ಟ್ ಕಣ್ಣಾರೆ ನೋಡಬೇಕು, ಮಷೀನ್ ಕೊಟ್ಟ ನಂಬರ್ ಸಾಲದು. ನಿಮ್ಮ ಮಗಳಿಗೆ ಕೀಲು ಚೆನ್ನಾಗಿತ್ತು ಅಂತ ನೀವು ಬರೆದಿದ್ದು ನನಗೆ ಸಮಾಧಾನ ಕೊಟ್ಟ ಮಾತು.

ಹುಡುಗನ ಮಂಡಿ ಬಗ್ಗೆ ಒಂದಿಷ್ಟು ಬಿಡಿಸಿ ಹೇಳ್ತೀನಿ, ಯಾಕಂದ್ರೆ ಮೊದಲ ಕೆಲವು ಗಂಟೆಲೇ ಎಲ್ಲಾ ಇರೋದು. ಊತ ಕಾಣೋಕೆ ಮುಂಚೆನೇ ಮಗು ಒಳಗೆ ಜುಮ್ ಅಂತಿದೆ, ಬಿಸಿ ಆಗ್ತಿದೆ, ಬಿಗಿ ಆಗ್ತಿದೆ ಅನ್ನುತ್ತೆ, ಚಿಕ್ಕದಾದ್ರೆ ಬಾಯಲ್ಲಿ ಹೇಳಲ್ಲ, ಆ ಕಾಲು ಊರೋದು ಬಿಟ್ಬಿಡುತ್ತೆ, ಮಡಚ್ಕೊಂಡೇ ಮಲಗುತ್ತೆ. ಆಗ್ಲೇ ಫ್ಯಾಕ್ಟರ್ ಕೊಡಿಸ್ಬೇಕು. ಲೆಕ್ಕ ಹೀಗೆ: ಕೆ.ಜಿ.ಗೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ರೆ ರಕ್ತದಲ್ಲಿ ಸುಮಾರು 2 ಪರ್ಸೆಂಟ್ ಏರುತ್ತೆ. ಹುಡುಗ 16 ಕೆ.ಜಿ. ಇದಾನೆ ಅಂತ ಇಟ್ಕೊಳ್ಳಿ, ಮಂಡಿ ರಕ್ತಸ್ರಾವಕ್ಕೆ 50 ಪರ್ಸೆಂಟಿಗೆ ತರಬೇಕು ಅಂದ್ರೆ ಕೆ.ಜಿ.ಗೆ 25 ಯೂನಿಟ್, ಒಟ್ಟು 400. ಒಡೆದ ವಯಲ್ ಚೆಲ್ಲೋ ಬದಲು 500ರದ್ದು ಪೂರ್ತಿ ಕೊಡ್ತಾರೆ. ಹತ್ತು ಹನ್ನೆರಡು ಗಂಟೆಲಿ ಅದು ಅರ್ಧಕ್ಕೆ ಇಳಿಯುತ್ತೆ, ಮಕ್ಕಳಲ್ಲಿ ಇನ್ನೂ ಬೇಗ, ಅದಕ್ಕೇ ಎಷ್ಟೋ ಸಲ ಇನ್ನೊಂದು ಡೋಸ್ ಬೇಕಾಗುತ್ತೆ. ಇದು ನಿಮಗೆ ಅರ್ಥ ಆಗ್ಲಿ ಅಂತ, ನಿಜವಾದ ಡೋಸ್ ಅವನ ಡಾಕ್ಟ್ರೇ ಬರೀಬೇಕು. ಕೊಟ್ಟಿದ್ದೂ ನಾಟ್ತಿಲ್ಲ, ಮುಂಚಿನ ಥರ ಊತ ಇಳೀತಿಲ್ಲ ಅಂದ್ರೆ ಫ್ಯಾಕ್ಟರ್ ವಿರುದ್ಧ ದೇಹದಲ್ಲಿ ಅದನ್ನ ಕೆಲ್ಸಕ್ಕೆ ಬರದಂಗೆ ಮಾಡೋ ಇನ್‌ಹಿಬಿಟರ್ ಹುಟ್ಟಿರಬಹುದು, ಅದಕ್ಕೆ ಬೇರೆ ಪರೀಕ್ಷೆ ಇದೆ, ಕೇಳಿ ಮಾಡ್ಸಿ.

ನಮ್ಮ ಕಡೆ ಆಗೋ ಅನಾಹುತ ಏನಂದ್ರೆ, "ಉಳುಕದೆ ಕಣವ್ವ, ಎಣ್ಣೆ ಹಾಕಿ ನೀವಿಸ್ಕೊಂಡು ಬಾ" ಅಂತ ಮೂಳೆ ಕಟ್ಟೋರ ಹತ್ರ ಕರ್ಕೊಂಡು ಹೋಗ್ತಾರೆ. ರಕ್ತ ತುಂಬಿರೋ ಮಂಡಿನ ನೀವಿದ್ರೆ ಕಟ್ಟಿದ ಅರೆಬರೆ ಹೆಪ್ಪೂ ಕಿತ್ತು ಬರುತ್ತೆ. ಸಿರಿಂಜ್ ಹಾಕಿ ನೀರು ಅಂತ ತೆಗೆಸೋದೂ ಬೇಡ, ಫ್ಯಾಕ್ಟರ್ ಇಲ್ದೆ ಸೂಜಿ ಹಾಕೋದೇ ಅಪಾಯ. ಸೊಂಟಕ್ಕೆ, ತೋಳಿಗೆ ಮಾಂಸದೊಳಗೆ ಕೊಡೋ ಇಂಜೆಕ್ಷನ್ ಬೇಡ, ನೋವಿಗೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇವು ಅವನಿಗೆ ಚೆನ್ನಾಗಿರೋ ಪ್ಲೇಟ್ಲೆಟ್ಟನ್ನೂ ಮಂಕು ಮಾಡ್ತವೆ (ಈ ಮೂರು ಮಾತ್ರೆ ನಿಮ್ಮ ಮಗಳಿಗೂ ಬೇಡ). ಇಷ್ಟೊಂದು ಹೇಳ್ತಿರೋದು ಯಾಕಂದ್ರೆ ಕೀಲಲ್ಲಿ ನಿಂತ ರಕ್ತ ಸುಮ್ನೆ ಇರಲ್ಲ, ಅದರ ಕಬ್ಬಿಣ ಒಳಪೊರೆಗೆ ಇಳಿದು ಪೊರೆ ಊದಿ ದಪ್ಪ ಆಗುತ್ತೆ, ಅದರಲ್ಲಿ ಹೊಸ, ಬೇಗ ಒಡೆಯೋ ರಕ್ತನಾಳ ಬೆಳೀತವೆ, ಅವು ಮತ್ತೆ ಒಡೀತವೆ, ಒಂದೇ ಮಂಡಿ ಪದೇ ಪದೇ ಅಂತ ನೀವು ಬರೆದಿರೋದು ಇದೇ ಸುತ್ತು. ಆಮೇಲೆ ಮೂಳೆ ತುದಿಯ ಮೆತ್ತನೆ ಪದರ ಸವೆದು ಕಾಲು ಮಡಚೋದೇ ನಿಲ್ಲುತ್ತೆ. ಅದಕ್ಕೆ ಊದಿದಾಗ ಮಾತ್ರ ಅಲ್ದೆ, ಊದದಂಗೆ ನಿಗದಿಯಾಗಿ ಫ್ಯಾಕ್ಟರ್ ಕೊಡೋ ವ್ಯವಸ್ಥೆ ಆಗುತ್ತಾ, ಇಲ್ಲ ಚರ್ಮದ ಕೆಳಗೆ ಕೊಡೋ ಎಮಿಸಿಜುಮ್ಯಾಬ್ ಸಿಗುತ್ತಾ ಅಂತ ಅವನ ಡಾಕ್ಟ್ರ ಹತ್ರ ಕೇಳಿ. ಈ ಔಷಧಿ ಫ್ಯಾಕ್ಟರ್ 8 ಮಾಡಬೇಕಾದ ಜೋಡಿಸೋ ಕೆಲಸಾನ ತಾನೇ ಮಾಡುತ್ತೆ, ಕೀಲಿನ ರಕ್ತಸ್ರಾವ ಅದರಿಂದ ತುಂಬಾ ಕಮ್ಮಿ ಆಗುತ್ತೆ.

ಕೊನೇದಾಗಿ ಒಂದೇ ಮನೆಯೋರು ಅನ್ನೋ ಭಯ. ಮಗಳ ಐಟಿಪಿಗೂ ಇವನ ಹಿಮೋಫಿಲಿಯಾಗೂ ಸಂಬಂಧ ಇಲ್ಲ, ಮಕ್ಕಳ ಐಟಿಪಿ ಬಹುತೇಕ ಯಾವುದೋ ವೈರಲ್ ಜ್ವರ ಆದ್ಮೇಲೆ ಬರುತ್ತೆ, ಹೆಚ್ಚಿನ ಮಕ್ಕಳಲ್ಲಿ ಆರು ತಿಂಗಳು ವರ್ಷದೊಳಗೆ ತಾನಾಗೇ ಹೋಗುತ್ತೆ. ಆದ್ರೆ ಹಿಮೋಫಿಲಿಯಾ ಎಕ್ಸ್ ಕ್ರೋಮೋಸೋಮ್ ಮೂಲಕ ತಾಯಿ ಕಡೆಯಿಂದ ಬರೋದು, ನೀವು ಹುಡುಗನ ತಾಯಿಯ ಸ್ವಂತ ತಂಗಿ. ಅಕ್ಕ ವಾಹಕಿ ಆಗಿದ್ದು, ಅದು ನಿಮ್ಮ ತಾಯಿಯಿಂದ ಬಂದಿದ್ರೆ ನಿಮಗೂ ಅರ್ಧಕ್ಕರ್ಧ ಸಾಧ್ಯತೆ ಇದೆ, ನಿಮಗೆ ಇದ್ರೆ ಮಗಳಿಗೂ ಅಷ್ಟೇ. ನಿಮ್ಮ ಫ್ಯಾಕ್ಟರ್ 8 ಮಟ್ಟ ಒಂದ್ಸಲ ನೋಡಿಸ್ಕೊಳ್ಳಿ, ಆದ್ರೆ ಅದು ನಾರ್ಮಲ್ ಬಂದ್ರೂ ವಾಹಕಿ ಅಲ್ಲ ಅಂತ ಅರ್ಥ ಅಲ್ಲ, ಖಾತ್ರಿ ಆಗೋದು ಜೀನ್ ಪರೀಕ್ಷೆಯಿಂದ, ಅದೂ ಮೊದ್ಲು ಹುಡುಗನ ರಕ್ತದಲ್ಲಿ ಯಾವ ಬದಲಾವಣೆ ಅಂತ ಕಂಡುಹಿಡಿದು ಆಮೇಲೆ ನಿಮ್ಮದ್ರಲ್ಲಿ ಅದನ್ನೇ ಹುಡುಕೋದು. ಇನ್ನೊಂದು ಮಗು ಮಾಡ್ಕೊಳ್ಳೋ ಯೋಚನೆ ಇದ್ರೆ ಗರ್ಭಿಣಿ ಆಗೋ ಮೊದ್ಲೇ ಇದನ್ನ ಮುಗಿಸಿ, ಆಗ ಹೆರಿಗೆಲಿ ವ್ಯಾಕ್ಯೂಮ್, ಫೋರ್ಸೆಪ್ಸ್ ಹಾಕೋದು ಬೇಡ ಅಂತ ಡಾಕ್ಟ್ರಿಗೆ ಮುಂಚೆನೇ ಹೇಳಿಡೋಕೆ ಆಗುತ್ತೆ.